ಸಂಪ್ರದಾಯನಿಷ್ಠೆ, ಮೂಲಭೂತವಾದ, ಉಗ್ರವಾದ: ಮೂರು ಪದ, ಮೂರು ಅರ್ಥ

ದಿನಪತ್ರಿಕೆಗಳ ಸುದ್ದಿಯಲ್ಲಿ, ಚುನಾವಣಾ ಭಾಷಣದಲ್ಲಿ, ಬಸ್ಸಿನ ಹರಟೆಯಲ್ಲಿ 'ಮೂಲಭೂತವಾದಿ' ಎಂಬ ಪದ ಇಂದು ಬೈಗುಳದಂತೆ ಬಳಕೆಯಾಗುತ್ತಿದೆ. ಕಟ್ಟುನಿಟ್ಟಾಗಿ ಉಪವಾಸ ಮಾಡುವವನೂ ಮೂಲಭೂತವಾದಿ, ಬಾಂಬ್ ಇಡುವವನೂ ಮೂಲಭೂತವಾದಿ. ಸಮಾಜಶಾಸ್ತ್ರ ಅಥವಾ ರಾಜ್ಯಶಾಸ್ತ್ರ ಓದುವ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳು ಇದೇ ಗೊಂದಲವನ್ನು ಹೊತ್ತುಕೊಂಡು ತರಗತಿಗೆ ಬರುತ್ತಾರೆ. ಅದನ್ನು ಬಿಡಿಸದೆ ಪಾಠ ಆರಂಭಿಸಿದರೆ ಎರಡು ಅಪಾಯಗಳಿವೆ. ಭಕ್ತ ಕುಟುಂಬದ ವಿದ್ಯಾರ್ಥಿ ತನ್ನ ಮನೆಯನ್ನೇ ಅಪರಾಧಿ ಸ್ಥಾನದಲ್ಲಿ ನಿಲ್ಲಿಸಲಾಗಿದೆ ಎಂದು ಭಾವಿಸುತ್ತಾನೆ. ಇನ್ನೊಬ್ಬ ವಿದ್ಯಾರ್ಥಿ, ಹಿಂಸೆಯೆಂಬುದು ಭಕ್ತಿ ಹೆಚ್ಚಾದಾಗ ಬರುವ ಕಾಯಿಲೆ ಎಂದು ತಿಳಿದು ಹೊರಡುತ್ತಾನೆ. ಎರಡೂ ತಪ್ಪು.

ಕನ್ನಡದಲ್ಲಿ ಈ ತೊಡಕಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಭಾಷೆಯಲ್ಲಿ 'ಮೂಲಭೂತ' ಎಂಬುದು ಒಳ್ಳೆಯ ಮಾತು. ಮೂಲಭೂತ ಹಕ್ಕು, ಮೂಲಭೂತ ಸೌಕರ್ಯ ಎಂದು ನಾವು ನಿತ್ಯ ಹೇಳುತ್ತೇವೆ. ಹೀಗಾಗಿ, ಧರ್ಮದ ಮೂಲಭೂತ ತತ್ತ್ವಗಳನ್ನು ಪಾಲಿಸುವುದರಲ್ಲಿ ತಪ್ಪೇನಿದೆ ಎಂದು ವಿದ್ಯಾರ್ಥಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಪದದ ಅರ್ಥಕ್ಕಿಂತ ಹೆಚ್ಚಾಗಿ ಪದದ ಚರಿತ್ರೆಯಲ್ಲಿದೆ.

ಈ ಪಾಠಕ್ಕೆ ವಿದ್ಯಾರ್ಥಿಗಳ ಸ್ವಂತ ಊರಿನ, ಸ್ವಂತ ಧರ್ಮದ ಉದಾಹರಣೆಯಿಂದ ಆರಂಭಿಸದಿರುವುದೇ ಲೇಸು. ಹತ್ತಿರದ ಉದಾಹರಣೆ ಬಂದೊಡನೆ ಬೆಂಚುಗಳು ಪಕ್ಷಗಳಾಗುತ್ತವೆ. ದೂರದ, ಚೆನ್ನಾಗಿ ದಾಖಲಾದ ಪ್ರಕರಣದಲ್ಲಿ ವ್ಯತ್ಯಾಸವನ್ನು ಗುರುತಿಸಲು ಕಲಿತ ಮೇಲೆ ಹತ್ತಿರಕ್ಕೆ ಬರಬಹುದು. ಅದಕ್ಕೆ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಪ್ರದಾಯಕ್ಕಿಂತ ಸೂಕ್ತವಾದದ್ದು ಇನ್ನೊಂದಿಲ್ಲ. ಏಕೆಂದರೆ ಈ ಪದ ಹುಟ್ಟಿದ್ದೇ ಅಲ್ಲಿ. ಅಷ್ಟೇ ಅಲ್ಲ, ಮೂರೂ ಪದಗಳಿಗೆ ಹೊಂದುವ ಮೂವರು ವ್ಯಕ್ತಿಗಳು ಆ ಒಂದೇ ಸಂಪ್ರದಾಯದಲ್ಲಿ ಸಿಗುತ್ತಾರೆ.

ಮೊದಲನೆಯವನು: ಭಾನುವಾರ ಓಡದ ಓಟಗಾರ

ಎರಿಕ್ ಲಿಡೆಲ್ 1902ರಲ್ಲಿ ಚೀನಾದಲ್ಲಿ, ಸ್ಕಾಟ್ಲೆಂಡಿನ ಮಿಷನರಿ ದಂಪತಿಗೆ ಜನಿಸಿದವನು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಬ್ರಿಟನ್ನಿನ ದೊಡ್ಡ ಭರವಸೆಗಳಲ್ಲಿ ಒಬ್ಬನಾಗಿದ್ದ. ಆ ಓಟದ ಪ್ರಾಥಮಿಕ ಸುತ್ತು ಭಾನುವಾರ ನಿಗದಿಯಾಗಿತ್ತು. ಭಾನುವಾರ ದೇವರ ದಿನ, ಅಂದು ಆಟವಾಡಬಾರದು ಎಂಬುದು ಅವನು ಬೆಳೆದ ಮನೆಯ ನಡವಳಿಕೆ. ವೇಳಾಪಟ್ಟಿ ಕೆಲವು ತಿಂಗಳು ಮೊದಲೇ ತಿಳಿದಿದ್ದರಿಂದ ಅವನು ಆ ಓಟವನ್ನು ಕೈಬಿಟ್ಟು, 400 ಮೀಟರ್ ಓಟಕ್ಕೆ ತಯಾರಿ ನಡೆಸಿದ. ಅದರಲ್ಲಿ 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಗೆದ್ದ. 1981ರ 'ಚಾರಿಯಟ್ಸ್ ಆಫ್ ಫೈರ್' ಚಲನಚಿತ್ರ ಈ ಕತೆಯನ್ನು ಜಗತ್ತಿಗೆ ಪರಿಚಯಿಸಿತು.

ಇಲ್ಲಿ ಗಮನಿಸಬೇಕಾದದ್ದು ಪದಕವಲ್ಲ. ಲಿಡೆಲ್ ತನ್ನ ನಿಯಮವನ್ನು ತನ್ನ ಮೇಲಷ್ಟೇ ಹೇರಿಕೊಂಡ. ಉಳಿದವರು ಭಾನುವಾರ ಓಡಬಾರದೆಂದು ಹೇಳಲಿಲ್ಲ, ಓಡಿದವರು ಕ್ರೈಸ್ತರಲ್ಲ ಎನ್ನಲಿಲ್ಲ. ಮುಂದೆ ಚೀನಾದಲ್ಲಿ ಮಿಷನರಿಯಾಗಿದ್ದಾಗ ಜಪಾನೀಯರ ಬಂಧನ ಶಿಬಿರದಲ್ಲಿ ಸಿಲುಕಿ 1945ರಲ್ಲಿ ಅಲ್ಲೇ ತೀರಿಕೊಂಡ. ಆ ಶಿಬಿರದಲ್ಲಿ ಬೇಸತ್ತ ಮಕ್ಕಳು ಜಗಳಕ್ಕಿಳಿದಾಗ, ಅವರ ಭಾನುವಾರದ ಹಾಕಿ ಆಟಕ್ಕೆ ಅವನೇ ತೀರ್ಪುಗಾರನಾಗಿ ನಿಂತನೆಂದು ಜತೆಗಿದ್ದ ಬಂಧಿಗಳು ನೆನಪಿಸಿಕೊಂಡಿದ್ದಾರೆ.

ಸಾಮಾನ್ಯ ಸಂಪ್ರದಾಯನಿಷ್ಠೆಯ ಲಕ್ಷಣ ಇದೇ. ಅದು ಹಿರಿಯರಿಂದ ಬಂದದ್ದು, ಇಡಿಯಾಗಿ ಬಂದದ್ದು. ಅದರಲ್ಲಿ ನಿಯಮವೂ ಇದೆ, ನಿಯಮ ಸಡಿಲಿಸುವ ಸಂದರ್ಭದ ಅರಿವೂ ಇದೆ. ನಮ್ಮಲ್ಲಿ ಮಡಿಯಲ್ಲಿರುವ ಅಜ್ಜಿ ಕಾಯಿಲೆಯ ಮಗುವನ್ನು ಎತ್ತಿಕೊಳ್ಳಲು ಶಾಸ್ತ್ರ ಕೇಳುವುದಿಲ್ಲ. ಪ್ರಯಾಣದಲ್ಲಿರುವವರಿಗೆ ರಂಜಾನ್ ಉಪವಾಸದಿಂದ ರಿಯಾಯಿತಿ ಇದೆ. ಆಚರಣೆ ಎಷ್ಟು ಕಟ್ಟುನಿಟ್ಟು ಎಂಬುದು ಇಲ್ಲಿ ಅಳತೆಗೋಲಲ್ಲ. ಒಲಿಂಪಿಕ್ ಪದಕದ ಅವಕಾಶವನ್ನೇ ತೊರೆಯುವಷ್ಟು ಕಟ್ಟುನಿಟ್ಟಿನವನು ಮೂಲಭೂತವಾದಿಯಾಗಿರಬೇಕಿಲ್ಲ.

ಎರಡನೆಯವನು: ಸಭೆಯನ್ನೇ ಒಡೆದ ವಿದ್ವಾಂಸ

ಅದೇ ಕಾಲದಲ್ಲಿ ಅಮೆರಿಕದ ಚರ್ಚುಗಳಲ್ಲಿ ಬೇರೊಂದು ಹೋರಾಟ ನಡೆದಿತ್ತು. ಡಾರ್ವಿನ್ನನ ವಿಕಾಸವಾದ ಮತ್ತು ಬೈಬಲನ್ನು ಐತಿಹಾಸಿಕ ಗ್ರಂಥದಂತೆ ವಿಮರ್ಶಿಸುವ ಜರ್ಮನ್ ವಿದ್ವತ್ತು ಧರ್ಮಶಾಸ್ತ್ರ ಕಾಲೇಜುಗಳನ್ನು ಪ್ರವೇಶಿಸಿದ್ದವು. ಪವಾಡಗಳನ್ನು ಸಂಕೇತವೆಂದು ಓದುವ ಪಾದ್ರಿಗಳು ಹೆಚ್ಚಾದರು. ಇದಕ್ಕೆ ಪ್ರತಿಯಾಗಿ, ತೈಲ ಉದ್ಯಮಿ ಲೈಮನ್ ಸ್ಟೂವರ್ಟ್ ಮತ್ತು ಅವನ ಸಹೋದರ ಮಿಲ್ಟನ್ ಹಣ ನೀಡಿ 1910ರಿಂದ 1915ರವರೆಗೆ 'ದಿ ಫಂಡಮೆಂಟಲ್ಸ್' ಎಂಬ 12 ಪುಸ್ತಿಕೆಗಳನ್ನು ಹೊರತಂದರು. ಪಾದ್ರಿಗಳಿಗೆ, ಮಿಷನರಿಗಳಿಗೆ, ಬೋಧಕರಿಗೆ ಅವುಗಳನ್ನು ಉಚಿತವಾಗಿ ಹಂಚಲಾಯಿತು. 1910ರಲ್ಲೇ ಪ್ರೆಸ್ಬಿಟೇರಿಯನ್ ಚರ್ಚಿನ ಮಹಾಸಭೆ ಐದು ಅಂಶಗಳ ಪಟ್ಟಿಯೊಂದನ್ನು ಅಂಗೀಕರಿಸಿತು. ಬೈಬಲಿನಲ್ಲಿ ದೋಷವಿಲ್ಲ, ಯೇಸು ಕನ್ಯೆಯಲ್ಲಿ ಜನಿಸಿದ, ಮನುಷ್ಯರ ಪಾಪಕ್ಕಾಗಿ ಬಲಿಯಾದ, ದೇಹಸಮೇತ ಪುನರುತ್ಥಾನಗೊಂಡ, ಅವನ ಪವಾಡಗಳು ನಿಜ. ಈ ಐದನ್ನು ಅಗತ್ಯ ಸಿದ್ಧಾಂತಗಳೆಂದು ಘೋಷಿಸಲಾಯಿತು.

1920ರಲ್ಲಿ ಬ್ಯಾಪ್ಟಿಸ್ಟ್ ಪತ್ರಿಕೆಯೊಂದರ ಸಂಪಾದಕ ಕರ್ಟಿಸ್ ಲೀ ಲಾಸ್, ಇಂಥ ಮೂಲತತ್ತ್ವಗಳಿಗಾಗಿ ಹೋರಾಡಲು ಸಿದ್ಧರಿರುವವರನ್ನು 'ಫಂಡಮೆಂಟಲಿಸ್ಟ್' ಎಂದು ಕರೆದ. ಬೇರೆಯವರು ಅಂಟಿಸಿದ ಹಣೆಪಟ್ಟಿ ಇದಾಗಿರಲಿಲ್ಲ. ಹೆಮ್ಮೆಯಿಂದ ತಾವೇ ಇಟ್ಟುಕೊಂಡ ಹೆಸರು. ಇದರ ಕನ್ನಡ ಅನುವಾದವೇ ಮೂಲಭೂತವಾದ.

ಈ ಹೋರಾಟದ ಅತ್ಯಂತ ಸಮರ್ಥ ವಿದ್ವಾಂಸ ಪ್ರಿನ್ಸ್‌ಟನ್ ಧರ್ಮಶಾಸ್ತ್ರ ಕಾಲೇಜಿನ ಜೆ. ಗ್ರೆಶಮ್ ಮೇಚನ್. ಉದಾರವಾದಿ ಪಾದ್ರಿಗಳು ಬೋಧಿಸುತ್ತಿರುವುದು ಕ್ರೈಸ್ತ ಧರ್ಮದ ಇನ್ನೊಂದು ರೂಪವಲ್ಲ, ಬೇರೆಯದೇ ಧರ್ಮ ಎಂದು 1923ರ ತನ್ನ ಗ್ರಂಥದಲ್ಲಿ ಅವನು ವಾದಿಸಿದ. ಪ್ರಾಮಾಣಿಕತೆಯಿದ್ದರೆ ಅವರು ಚರ್ಚು ಬಿಟ್ಟು ಹೋಗಬೇಕೆಂಬುದು ಅವನ ನಿಲುವು. ಆದರೆ ಬಹುಮತ ಅವನ ಕಡೆ ನಿಲ್ಲಲಿಲ್ಲ. ಐದು ಅಂಶಗಳನ್ನು ಕಡ್ಡಾಯ ಮಾಡಬಾರದೆಂಬ ಹೇಳಿಕೆಗೆ 1924ರಲ್ಲಿ ಸಾವಿರಕ್ಕೂ ಹೆಚ್ಚು ಪಾದ್ರಿಗಳು ಸಹಿ ಹಾಕಿದರು. ಮೇಚನ್ 1929ರಲ್ಲಿ ಪ್ರಿನ್ಸ್‌ಟನ್ ತೊರೆದು ಫಿಲಡೆಲ್ಫಿಯಾದಲ್ಲಿ ಹೊಸ ಕಾಲೇಜು ಸ್ಥಾಪಿಸಿದ. 1933ರಲ್ಲಿ ಪ್ರತ್ಯೇಕ ಮಿಷನ್ ಮಂಡಳಿ ಕಟ್ಟಿದ್ದಕ್ಕಾಗಿ ಚರ್ಚು ಅವನನ್ನು ವಿಚಾರಣೆಗೊಳಪಡಿಸಿ ಪಾದ್ರಿ ಸ್ಥಾನದಿಂದ ಅಮಾನತು ಮಾಡಿತು. 1936ರಲ್ಲಿ ಅವನು ಹೊಸ ಚರ್ಚನ್ನೇ ಸ್ಥಾಪಿಸಿದ. ಅದೇ ಇಂದಿನ ಆರ್ಥೊಡಾಕ್ಸ್ ಪ್ರೆಸ್ಬಿಟೇರಿಯನ್ ಚರ್ಚ್. 1937ರ ಜನವರಿ 1ರಂದು ಮೇಚನ್ ನಿಧನನಾದ.

ಲಿಡೆಲ್‌ಗೂ ಮೇಚನ್‌ಗೂ ನಂಬಿಕೆಯಲ್ಲಿ ಅಂತರ ಹೆಚ್ಚಿಲ್ಲ. ಅಂತರವಿರುವುದು ನಿಲುವಿನಲ್ಲಿ. ಮೇಚನ್‌ನ ಚಳವಳಿ ಒಂದು ಬೆದರಿಕೆಗೆ ಪ್ರತಿಕ್ರಿಯೆಯಾಗಿ ಹುಟ್ಟಿತು. ಶತಮಾನಗಳ ಸಂಪ್ರದಾಯದಿಂದ ಕೆಲವೇ ಅಂಶಗಳನ್ನು ಆಯ್ದು ಗಡಿಕಲ್ಲುಗಳಾಗಿ ನೆಟ್ಟಿತು. ಗಡಿಯಾಚೆಗಿನ ಸ್ವಧರ್ಮೀಯರನ್ನು ಅನ್ಯರೆಂದು ಸಾರಿತು. ಮೂಲಭೂತವಾದಿಯ ಮೊದಲ ಎದುರಾಳಿ ಸಾಮಾನ್ಯವಾಗಿ ಅನ್ಯಧರ್ಮೀಯನಲ್ಲ, ತನ್ನದೇ ಧರ್ಮದ ಉದಾರವಾದಿ. ಮಾರ್ಟಿನ್ ಮಾರ್ಟಿ ಮತ್ತು ಸ್ಕಾಟ್ ಆಪಲ್‌ಬಿ ನೇತೃತ್ವದಲ್ಲಿ ಹಲವು ಧರ್ಮಗಳ ಇಂಥ ಚಳವಳಿಗಳನ್ನು ಹೋಲಿಸಿದ ಷಿಕಾಗೋ ವಿಶ್ವವಿದ್ಯಾಲಯದ ಬೃಹತ್ ಅಧ್ಯಯನ 1991ರಿಂದ 1995ರವರೆಗೆ ಐದು ಸಂಪುಟಗಳಲ್ಲಿ ಪ್ರಕಟವಾಯಿತು. ಪ್ರತಿಕ್ರಿಯೆ, ಆಯ್ಕೆ, ಸ್ಪಷ್ಟ ಗಡಿ ಇವು ಆ ಅಧ್ಯಯನವೂ ಗುರುತಿಸಿದ ಲಕ್ಷಣಗಳು. ಹಿಂಸೆ ಆ ಲಕ್ಷಣಗಳ ಪಟ್ಟಿಯಲ್ಲಿಲ್ಲ ಎಂಬುದು ಗಮನಾರ್ಹ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಸರಿಪಡಿಸಬೇಕು. ಮೂಲಭೂತವಾದವೆಂದರೆ ಗ್ರಂಥವನ್ನು ಅಕ್ಷರಶಃ ಓದುವುದು ಎಂದು ಹಲವು ಟಿಪ್ಪಣಿ ಪುಸ್ತಕಗಳು ಹೇಳುತ್ತವೆ. ಚರಿತ್ರೆ ಅಷ್ಟು ಸರಳವಾಗಿಲ್ಲ. 'ದಿ ಫಂಡಮೆಂಟಲ್ಸ್' ಪುಸ್ತಿಕೆಗಳಿಗೆ ಬರೆದ ಜೇಮ್ಸ್ ಓರ್ ವಿಕಾಸವಾದವನ್ನು ಸಂಪೂರ್ಣ ತಳ್ಳಿಹಾಕಿದವನಲ್ಲ. ವಿಕಾಸವಾದ ಬೋಧಿಸಿದ ಶಿಕ್ಷಕ ಜಾನ್ ಸ್ಕೋಪ್ಸ್ ವಿರುದ್ಧ 1925ರಲ್ಲಿ ಟೆನಸಿ ರಾಜ್ಯದ ಡೇಟನ್‌ನಲ್ಲಿ ನಡೆದ ಪ್ರಸಿದ್ಧ ವಿಚಾರಣೆಯಲ್ಲಿ, ಬೈಬಲ್ ಪರ ನಿಂತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಕೂಡ ಸೃಷ್ಟಿಯ ದಿನಗಳು 24 ತಾಸಿನವೇ ಆಗಿರಬೇಕಿಲ್ಲ ಎಂದು ಒಪ್ಪಿಕೊಂಡಿದ್ದ. ಆ ಮೊಕದ್ದಮೆಗೆ ಸಾಕ್ಷಿಯಾಗಿ ಬರಲು ಮೇಚನ್ ನಿರಾಕರಿಸಿದ್ದ. ಮೂಲಭೂತವಾದಿ ಎಂಬ ಹೆಸರೂ ಅವನಿಗೆ ಇಷ್ಟವಿರಲಿಲ್ಲ. ಆದರೂ ಚರಿತ್ರಕಾರರು ಅವನನ್ನು ಆ ಚಳವಳಿಯ ಜತೆಗೇ ಚರ್ಚಿಸುತ್ತಾರೆ, ಅವನ ಹೋರಾಟದ ಸ್ವರೂಪವನ್ನು ನೋಡಿ.

ಮೂರನೆಯವನು: ಬಂದೂಕು ಹಿಡಿದ ಮಾಜಿ ಪಾದ್ರಿ

ಮೇಚನ್ ಸ್ಥಾಪಿಸಿದ ಚರ್ಚಿನ ಇತಿಹಾಸದಲ್ಲೇ ಮೂರನೆಯ ವ್ಯಕ್ತಿ ಬರುತ್ತಾನೆ. 1984ರಲ್ಲಿ ಪಾದ್ರಿ ದೀಕ್ಷೆ ಪಡೆದ ಪಾಲ್ ಹಿಲ್ ಪ್ರೆಸ್ಬಿಟೇರಿಯನ್ ಸಂಪ್ರದಾಯದ ಎರಡು ಚರ್ಚುಗಳಲ್ಲಿದ್ದವನು. ಅವುಗಳಲ್ಲಿ ಆರ್ಥೊಡಾಕ್ಸ್ ಪ್ರೆಸ್ಬಿಟೇರಿಯನ್ ಚರ್ಚ್ ಒಂದು. 1993ರ ಮಾರ್ಚ್‌ನಲ್ಲಿ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಗರ್ಭಪಾತ ನಡೆಸುತ್ತಿದ್ದ ವೈದ್ಯ ಡೇವಿಡ್ ಗನ್ ಅವರನ್ನು ಒಬ್ಬ ಗುಂಡಿಕ್ಕಿ ಕೊಂದ. ಆ ಕೊಲೆ ನ್ಯಾಯಸಮ್ಮತವೆಂದು ಹಿಲ್ ರಾಷ್ಟ್ರೀಯ ಟೆಲಿವಿಷನ್ನಿನಲ್ಲಿ ಸಮರ್ಥಿಸಿದ. ಅದೇ ವರ್ಷ ಅವನ ಚರ್ಚು ಅವನನ್ನು ಬಹಿಷ್ಕರಿಸಿತು. 1994ರ ಜುಲೈ 29ರಂದು ಹಿಲ್ ಅದೇ ಊರಿನ ಚಿಕಿತ್ಸಾಲಯದ ಎದುರು ವೈದ್ಯ ಜಾನ್ ಬ್ರಿಟನ್ ಅವರನ್ನೂ ಅವರ ರಕ್ಷಣೆಗೆಂದು ಜತೆ ಬಂದಿದ್ದ ಸ್ವಯಂಸೇವಕರನ್ನೂ ಗುಂಡಿಕ್ಕಿ ಕೊಂದ. ನ್ಯಾಯಾಲಯ ಮರಣದಂಡನೆ ವಿಧಿಸಿತು. 2003ರ ಸೆಪ್ಟೆಂಬರ್ 3ರಂದು ಅದು ಜಾರಿಯಾಯಿತು. ಕೊನೆಯವರೆಗೂ ಅವನು ಪಶ್ಚಾತ್ತಾಪ ವ್ಯಕ್ತಪಡಿಸಲಿಲ್ಲ.

ಈ ಪ್ರಕರಣವನ್ನು ತರಗತಿಯಲ್ಲಿ ನಿಧಾನವಾಗಿ ಬಿಡಿಸಬೇಕು. ಹಿಲ್‌ನ ವಾದದಲ್ಲಿ ಎರಡು ಮೆಟ್ಟಿಲುಗಳಿದ್ದವು. ಗರ್ಭಪಾತ ಕೊಲೆಗೆ ಸಮಾನ ಎಂಬುದು ಮೊದಲನೆಯದು. ಹಾಗಿದ್ದ ಮೇಲೆ ಅದನ್ನು ತಡೆಯಲು ಯಾವ ವ್ಯಕ್ತಿಯೂ ಪ್ರಾಣ ತೆಗೆಯಬಹುದು ಎಂಬುದು ಎರಡನೆಯದು. ಅವನ ಚರ್ಚು ಮೊದಲ ಮೆಟ್ಟಿಲನ್ನು ಒಪ್ಪಿತ್ತು, ಎರಡನೆಯದನ್ನು ತಿರಸ್ಕರಿಸಿತ್ತು. ಗುಂಡು ಹಾರುವ ಮೊದಲೇ, ಮಾತಿನಲ್ಲೇ ಅಪಾಯವನ್ನು ಗುರುತಿಸಿತ್ತು. ಉಗ್ರವಾದ ಆರಂಭವಾಗುವುದು ಆ ಎರಡನೆಯ ಮೆಟ್ಟಿಲಿನಲ್ಲಿ. ಅದರ ಗುರುತು ನಂಬಿಕೆಯ ತೀವ್ರತೆಯಲ್ಲ. ತನ್ನ ಗುರಿಗಾಗಿ ಇತರರ ಪ್ರಾಣ ಮತ್ತು ಹಕ್ಕನ್ನು ಬಲಪ್ರಯೋಗದಿಂದ ಕಸಿಯಬಹುದು ಎಂಬ ಒಪ್ಪಿಗೆಯೇ ಅದರ ಗುರುತು.

ಈ ಒಪ್ಪಿಗೆಗೆ ಧರ್ಮವೇ ಬೇಕೆಂದಿಲ್ಲ. 1991ರ ಮೇ ತಿಂಗಳಲ್ಲಿ ರಾಜೀವ್ ಗಾಂಧಿಯವರನ್ನು ಆತ್ಮಾಹುತಿ ದಾಳಿಯಲ್ಲಿ ಕೊಂದ ಎಲ್‌ಟಿಟಿಇ ಧಾರ್ಮಿಕ ಸಂಘಟನೆಯಾಗಿರಲಿಲ್ಲ. ಆ ಸಂಚಿನ ಶಿವರಾಸನ್ ಮತ್ತು ಸಂಗಡಿಗರು ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶವವಾಗಿ ಸಿಕ್ಕಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅವರ ಉಗ್ರವಾದದ ಇಂಧನ ರಾಷ್ಟ್ರೀಯತೆ. ಆದ್ದರಿಂದ ಮೂಲಭೂತವಾದ ಹೆಚ್ಚಾದರೆ ಉಗ್ರವಾದ ಎಂಬ ಸಮೀಕರಣ ಎರಡೂ ಕಡೆಯಿಂದ ಮುರಿಯುತ್ತದೆ. ಹಿಂಸೆಯಿಲ್ಲದ ಮೂಲಭೂತವಾದಿಗಳಿದ್ದಾರೆ, ಧರ್ಮವಿಲ್ಲದ ಉಗ್ರರಿದ್ದಾರೆ.

ಮೂರು ಪ್ರಶ್ನೆಗಳು

ಈ ಮೂರು ಪ್ರಕರಣಗಳಿಂದ ವಿದ್ಯಾರ್ಥಿಗಳು ಕೇಳಬಹುದಾದ ಮೂರು ಪ್ರಶ್ನೆಗಳು ದೊರೆಯುತ್ತವೆ. ಒಂದು, ಈ ನಂಬಿಕೆ ಇಡಿಯಾಗಿ ಬಂದ ಪರಂಪರೆಯೇ, ಅಥವಾ ಒಂದು ಬೆದರಿಕೆಗೆ ಎದುರಾಗಿ ಆಯ್ದುಕೊಂಡ ಪಟ್ಟಿಯೇ? ಎರಡು, ಸ್ವಧರ್ಮದಲ್ಲೇ ಭಿನ್ನವಾಗಿ ಯೋಚಿಸುವವರನ್ನು ಅದು ತನ್ನವರೆಂದು ಕಾಣುತ್ತದೆಯೇ, ಹೊರಗಿನವರೆಂದೇ? ಮೂರು, ತನ್ನ ಗುರಿಗಾಗಿ ಅದು ಒಪ್ಪುವ ಮಾರ್ಗ ಯಾವುದು: ಸ್ವಂತ ಆಚರಣೆ, ಪ್ರಚಾರ, ಮತದಾನ, ಅಥವಾ ಬಲಪ್ರಯೋಗ? ಮೊದಲ ಎರಡು ಪ್ರಶ್ನೆಗಳು ಸಂಪ್ರದಾಯನಿಷ್ಠೆಯನ್ನು ಮೂಲಭೂತವಾದದಿಂದ ಬೇರ್ಪಡಿಸುತ್ತವೆ. ಮೂರನೆಯದು ಉಗ್ರವಾದವನ್ನು ಉಳಿದೆರಡರಿಂದ ಬೇರ್ಪಡಿಸುತ್ತದೆ.

ಅಭ್ಯಾಸಕ್ಕೆ ಒಂದೇ ನಂಬಿಕೆಯನ್ನು ಇಟ್ಟುಕೊಂಡು ವರ್ತನೆಯನ್ನಷ್ಟೇ ಬದಲಿಸುವುದು ಉತ್ತಮ ವಿಧಾನ. ಭಾನುವಾರ ವ್ಯಾಪಾರ ಮಾಡಬಾರದು ಎಂಬ ನಂಬಿಕೆಯನ್ನು ತೆಗೆದುಕೊಳ್ಳೋಣ. ಒಬ್ಬ ವ್ಯಾಪಾರಿ ನಷ್ಟವಾದರೂ ಭಾನುವಾರ ತನ್ನ ಅಂಗಡಿ ಮುಚ್ಚುತ್ತಾನೆ. ಒಂದು ಗುಂಪು ಭಾನುವಾರದ ವಿಶ್ರಾಂತಿಯನ್ನೇ ನಿಜವಾದ ನಂಬಿಕೆಯ ಪರೀಕ್ಷೆಯೆಂದು ಸಾರಿ, ಅಂಗಡಿ ತೆರೆಯುವ ಸದಸ್ಯರನ್ನು ಚರ್ಚಿನಿಂದ ಹೊರಹಾಕಲು ಚಳವಳಿ ನಡೆಸುತ್ತದೆ. ಇನ್ನೊಬ್ಬ ರಾತ್ರಿ ಹೋಗಿ ತೆರೆದಿದ್ದ ಅಂಗಡಿಗೆ ಬೆಂಕಿ ಹಚ್ಚುತ್ತಾನೆ. ಮೂವರ ನಂಬಿಕೆಯೂ ಒಂದೇ ವಾಕ್ಯದಲ್ಲಿದೆ, ಆದರೆ ಮೂವರೂ ಬೇರೆ. ಈಗ ನಾಲ್ಕನೆಯ ಪ್ರಶ್ನೆ ಕೇಳಬಹುದು. ಭಾನುವಾರ ಎಲ್ಲ ಅಂಗಡಿಗಳನ್ನೂ ಮುಚ್ಚಿಸುವ ಕಾನೂನಿಗಾಗಿ ಮತ ಯಾಚಿಸುವವನು ಯಾರು? ಅವನು ಉಗ್ರವಾದಿಯಲ್ಲ, ಏಕೆಂದರೆ ಅವನ ಮಾರ್ಗ ಮತಪೆಟ್ಟಿಗೆ. ಆದರೆ ಆ ಕಾನೂನು ಇತರರ ಹಕ್ಕಿಗೆ ಧಕ್ಕೆ ತರುತ್ತದೆಯೇ ಎಂಬುದು ಬೇರೆ ಚರ್ಚೆ. ಅದು ಸಂವಿಧಾನದ ಪಾಠಕ್ಕೆ ಸೇರಿದ್ದು.

ಉತ್ತರ ಹೇಳುವಾಗ ಒಂದು ನಿಯಮವಿರಲಿ. ಪ್ರತಿ ಉತ್ತರಕ್ಕೂ ಆಧಾರವಾಗಿ ಒಂದು ಮಾತು ಅಥವಾ ಕೃತ್ಯವನ್ನು ತೋರಿಸಬೇಕು. ವೇಷ, ಗಡ್ಡ, ನಾಮ, ಬುರ್ಖಾ, ಶಿಲುಬೆ ಆಧಾರವಲ್ಲ. ಅವು ಆಚರಣೆಯ ಕಟ್ಟುನಿಟ್ಟನ್ನಷ್ಟೇ ಹೇಳುತ್ತವೆ. ಹೆಸರಿಡಬೇಕಾದದ್ದು ಸಮುದಾಯಕ್ಕಲ್ಲ, ಆ ಕಾಲದ ಆ ನಿಲುವಿಗೆ. 1984ರ ಹಿಲ್‌ಗೂ 1994ರ ಹಿಲ್‌ಗೂ ಒಂದೇ ಹೆಸರು ಸಲ್ಲದು.

ವರ್ಗೀಕರಣದ ಮಿತಿ

ಈ ಮೂರು ಪದಗಳನ್ನು ಒಳ್ಳೆಯದರಿಂದ ಕೆಟ್ಟದ್ದಕ್ಕೆ ಇಳಿಯುವ ಏಣಿಯೆಂದು ಓದಬಾರದು. ಸಂಪ್ರದಾಯನಿಷ್ಠೆ ಸಾಮಾನ್ಯವಾದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ಅಸ್ಪೃಶ್ಯತೆಯನ್ನು ನಮ್ಮ ನೆಲದಲ್ಲಿ ಶತಮಾನಗಳ ಕಾಲ ನಡೆಸಿಕೊಂಡು ಬಂದವರು ಮೂಲಭೂತವಾದಿಗಳಲ್ಲ. ಬೆಳಗ್ಗೆ ಪೂಜೆ ಮಾಡಿ, ನೆರೆಯವರೊಂದಿಗೆ ಸೌಜನ್ಯದಿಂದ ಬಾಳಿದ ಸಂಪ್ರದಾಯಸ್ಥರೇ ಅದನ್ನು ರೂಢಿಯೆಂದು ಪಾಲಿಸಿದರು. ಅದನ್ನು ರದ್ದುಪಡಿಸಲು ಸಂವಿಧಾನದ 17ನೇ ವಿಧಿ ಬೇಕಾಯಿತು. ಒಂದು ಆಚರಣೆ ನ್ಯಾಯವೇ ಎಂಬ ಪ್ರಶ್ನೆಗೆ, ಅದು ಸಂಪ್ರದಾಯವೋ ಮೂಲಭೂತವಾದವೋ ಎಂಬ ಉತ್ತರ ಸಾಲದು.

ಮೂಲಭೂತವಾದಕ್ಕೂ ಉಗ್ರವಾದಕ್ಕೂ ಸಂಬಂಧವೇ ಇಲ್ಲ ಎನ್ನುವುದೂ ಅಷ್ಟೇ ತಪ್ಪು. ಹಿಲ್ ತನ್ನ ಮೊದಲ ಮೆಟ್ಟಿಲನ್ನು ಗಾಳಿಯಿಂದ ತಂದಿರಲಿಲ್ಲ, ತನ್ನ ಧಾರ್ಮಿಕ ಪರಿಸರದಿಂದಲೇ ತಂದಿದ್ದ. ಜಗತ್ತನ್ನು ನಮ್ಮವರು ಮತ್ತು ಧರ್ಮದ್ರೋಹಿಗಳು ಎಂದು ಎರಡಾಗಿ ಸೀಳುವ ಭಾಷೆ ಸಿದ್ಧವಿದ್ದರೆ, ಎರಡನೆಯ ಮೆಟ್ಟಿಲು ಹತ್ತುವವನಿಗೆ ದಾರಿ ಸುಲಭವಾಗುತ್ತದೆ. ಆದರೆ ಅವನನ್ನು ಆ ಮೆಟ್ಟಿಲಿನ ಬಳಿ ತಡೆದು, ಇದು ನಮ್ಮ ಧರ್ಮವಲ್ಲ ಎಂದು ಅವನದೇ ಗ್ರಂಥದ ಭಾಷೆಯಲ್ಲಿ ಹೇಳಬಲ್ಲವರೂ ಅದೇ ಪರಿಸರದಲ್ಲಿರುತ್ತಾರೆ. 1993ರಲ್ಲಿ ಹಿಲ್‌ನನ್ನು ಬಹಿಷ್ಕರಿಸಿದ್ದು ಗರ್ಭಪಾತವನ್ನು ಅವನಷ್ಟೇ ಬಲವಾಗಿ ವಿರೋಧಿಸುತ್ತಿದ್ದ ಚರ್ಚು. ಕಟ್ಟುನಿಟ್ಟಿನ ಭಕ್ತರೆಲ್ಲರನ್ನೂ ಉಗ್ರರೆಂದು ಕರೆಯುವ ಸಮಾಜ ಅಂಥ ಎಚ್ಚರಿಕೆ ನೀಡಬಲ್ಲವರನ್ನೇ ಕಳೆದುಕೊಳ್ಳುತ್ತದೆ.